ತಿಂಗಳಿಗೆ ಎರಡು ಕನ್ಸಲ್ಟೇಷನ್: ಬಳಸದೆ ಉಳಿದದ್ದು ಎಲ್ಲಿಗೆ ಹೋಗುತ್ತದೆ?

ಹೋದ ವರ್ಷ ಜನವರಿಯಲ್ಲಿ ನಾವು ಒಂದು ಟೆಲಿಮೆಡಿಸಿನ್ ಪ್ಲಾನ್ ತೆಗೆದುಕೊಂಡೆವು. ತಿಂಗಳಿಗೆ 349 ರೂಪಾಯಿ. ಅದಕ್ಕೆ ತಿಂಗಳಿಗೆ 2 ಸಲ ಜನರಲ್ ಡಾಕ್ಟರ್, 3 ತಿಂಗಳಿಗೆ 1 ಸಲ ಸ್ಪೆಷಲಿಸ್ಟ್, ಮನೆಯ 4 ಜನರಿಗೆ. ಮನೆಯಲ್ಲಿ ನಾನು, ಯಜಮಾನರು, ಏಳು ವರ್ಷದ ಮಗ. ನಾವು ಮೂವರು ಹಾಸನದಲ್ಲಿ. ನಾಲ್ಕನೆಯವರು ಅತ್ತೆ. ಅವರು ಸಕಲೇಶಪುರದಿಂದ ಒಳಗೆ, ಹಾನುಬಾಳು ಕಡೆ ತೋಟದ ಮನೆಯಲ್ಲಿ. ಅವರಿಗೆ ಬಿಪಿ, ಶುಗರ್ ಎರಡೂ ಇದೆ. ವರ್ಷಕ್ಕೆ 24 ಸಲ ಡಾಕ್ಟರು ಫೋನಿನಲ್ಲೇ ಸಿಗುತ್ತಾರೆ, ಇನ್ನೇನು ಬೇಕು ಅಂದುಕೊಂಡಿದ್ದೆ.

ಡಿಸೆಂಬರಿನಲ್ಲಿ ಕೂತು ಲೆಕ್ಕ ಹಾಕಿದೆ. ವರ್ಷವಿಡೀ ಪ್ಲಾನ್ ಇಟ್ಟುಕೊಂಡಿದ್ದಕ್ಕೆ ನಮಗೆ ಉಳಿದದ್ದು 12 ರೂಪಾಯಿ. ತಿಂಗಳಿಗಲ್ಲ, ವರ್ಷಕ್ಕೆ! ಡಾಕ್ಟರುಗಳದ್ದು ಏನೂ ತಪ್ಪಿರಲಿಲ್ಲ. ಬಳಸದೆ ಉಳಿದ ಕನ್ಸಲ್ಟೇಷನ್ ಏನಾಗುತ್ತದೆ ಅನ್ನುವ ಒಂದು ಸಾಲನ್ನು ನಾನು ಓದಿರಲಿಲ್ಲ, ಅಷ್ಟೇ. ಪ್ಲಾನ್ ತೆಗೆದುಕೊಳ್ಳುವ ಮೊದಲು ಏನೇನು ನೋಡಬೇಕು ಅನ್ನುವುದನ್ನು ಆ ಲೆಕ್ಕದಿಂದಲೇ ಶುರು ಮಾಡುತ್ತೇನೆ.

ಮೊದಲು ಹಳೆ ಚೀಟಿಗಳನ್ನು ಹುಡುಕಿ

ಪ್ಲಾನಿನ ಜಾಹೀರಾತು ನೋಡುವ ಮೊದಲು ಮನೆಯ ಡ್ರಾಯರ್ ತೆಗೆಯಿರಿ. ಕಳೆದ 12 ತಿಂಗಳ ಔಷಧ ಚೀಟಿ, ಮೆಡಿಕಲ್ಸ್ ಬಿಲ್ಲು, ಯುಪಿಐನಲ್ಲಿ ಕ್ಲಿನಿಕ್ಕಿಗೆ ಕೊಟ್ಟ ದುಡ್ಡು, ಎಲ್ಲವನ್ನೂ ತಿಂಗಳ ಪ್ರಕಾರ ಬರೆದುಕೊಳ್ಳಿ. ಅದರಲ್ಲಿ ಫೋನಿನಲ್ಲಿ ಆಗುವಂಥದ್ದನ್ನು ಮಾತ್ರ ಇಟ್ಟುಕೊಳ್ಳಿ. ನೆಗಡಿ, ಜ್ವರದ ಮೊದಲ ದಿನ, ಚರ್ಮದ ಗಂಧೆ, ರಿಪೋರ್ಟ್ ತೋರಿಸುವುದು, ಬಿಪಿ ಮಾತ್ರೆ ಮುಂದುವರಿಸುವುದು ಇವೆಲ್ಲ ಸರಿ. ಹೊಟ್ಟೆನೋವು, ಕಿವಿನೋವು, ಮಗುವಿಗೆ ಉಸಿರು ಕಟ್ಟುವುದು ಇವನ್ನು ಹೊಡೆದುಹಾಕಿ. ಹೊಟ್ಟೆಯನ್ನು ಮುಟ್ಟಿ ನೋಡಬೇಕು, ಕಿವಿಯೊಳಗೆ ಬೆಳಕು ಬಿಟ್ಟು ನೋಡಬೇಕು. ಎದೆನೋವಾದರೆ 108, ಅದರಲ್ಲಿ ಯೋಚನೆಯೇ ಬೇಡ.

ನಮ್ಮ ಪಟ್ಟಿ ಹೀಗೆ ಬಂತು. ಜನವರಿ 1, ಫೆಬ್ರವರಿ ಇಲ್ಲ, ಮಾರ್ಚ್ 1, ಏಪ್ರಿಲ್ ಇಲ್ಲ, ಮೇ 1. ಜೂನ್ 4, ಜುಲೈ 5, ಆಗಸ್ಟ್ 3. ಸೆಪ್ಟೆಂಬರ್ 1, ಅಕ್ಟೋಬರ್ 1, ನವೆಂಬರ್ ಇಲ್ಲ, ಡಿಸೆಂಬರ್ 1. ಒಟ್ಟು 18. ಇದರ ಜೊತೆಗೆ ಸ್ಪೆಷಲಿಸ್ಟ್ 2 ಸಲ. ಜುಲೈಯಲ್ಲಿ ಮಗನಿಗೆ ಚರ್ಮದ ಡಾಕ್ಟರು, ನವೆಂಬರಿನಲ್ಲಿ ಅತ್ತೆಗೆ ಶುಗರ್ ಡಾಕ್ಟರು.

ಆ 18ರಲ್ಲಿ 12 ಬರೀ ಮಳೆಗಾಲದ ಮೂರು ತಿಂಗಳಲ್ಲೇ ಬಂದಿದೆ ನೋಡಿ. ಮಲೆನಾಡಿನ ಅಂಚಿನಲ್ಲಿರುವವರಿಗೆ ಇದೇನು ಆಶ್ಚರ್ಯವಲ್ಲ. ಶಾಲೆ ಶುರುವಾಗುವುದು, ಮಳೆ ಹಿಡಿಯುವುದು ಒಟ್ಟಿಗೇ. ಒಬ್ಬರಿಗೆ ಬಂದ ಜ್ವರ ಮನೆಯನ್ನೆಲ್ಲ ಒಂದು ಸುತ್ತು ಹಾಕಿಕೊಂಡು ಹೋಗುತ್ತದೆ. ಆದರೆ ಪ್ಲಾನ್ ಮಾಡಿದವರು ಕಾಯಿಲೆಯನ್ನು ತಿಂಗಳಿಗೆ ಎರಡರಂತೆ ಸಮವಾಗಿ ಹಂಚಿಟ್ಟಿದ್ದರು.

ಉಳಿದ ಕನ್ಸಲ್ಟೇಷನ್ ಬಗ್ಗೆ ಇರುವ ಸಾಲು

ಇದು ಜಾಹೀರಾತಿನಲ್ಲಿ ಇರುವುದಿಲ್ಲ. ಆಪ್‌ನಲ್ಲಿ ಕೆಳಗೆ, ಷರತ್ತುಗಳು ಅಂತ ಸಣ್ಣ ಅಕ್ಷರದಲ್ಲಿ ಇರುವ ಪುಟ ತೆರೆಯಿರಿ. ಬಳಸದ ಕನ್ಸಲ್ಟೇಷನ್ ವಿಷಯ ಸಾಮಾನ್ಯವಾಗಿ ಮೂರರಲ್ಲಿ ಒಂದು ರೀತಿ ಇರುತ್ತದೆ. ತಿಂಗಳ ಕೊನೆಗೆ ಪೂರ್ತಿ ಹೋಗುವುದು ಒಂದು. ಮುಂದಿನ ತಿಂಗಳಿಗೆ ಮಾತ್ರ ದಾಟುವುದು ಇನ್ನೊಂದು. ವರ್ಷದ ಒಟ್ಟು ಸಂಖ್ಯೆಯಲ್ಲಿ ಯಾವಾಗ ಬೇಕಾದರೂ ಬಳಸುವುದು ಮೂರನೆಯದು. ಬೆಲೆ ಒಂದೇ ಇದ್ದರೂ ಈ ಒಂದು ಸಾಲಿನಿಂದ ಖರ್ಚು ಎಷ್ಟು ಬದಲಾಗುತ್ತದೆ ಅಂತ ನಮ್ಮ ಪಟ್ಟಿಯಲ್ಲೇ ನೋಡೋಣ.

ಮೊದಲು ಪ್ಲಾನ್ ಇಲ್ಲದೆ. ಅದೇ ಆಪ್‌ನಲ್ಲಿ ಒಂದು ಸಲಕ್ಕೆ ಜನರಲ್ ಡಾಕ್ಟರಿಗೆ 250, ಸ್ಪೆಷಲಿಸ್ಟಿಗೆ 600 ಇತ್ತು. 18 ಸಲಕ್ಕೆ 4,500, ಸ್ಪೆಷಲಿಸ್ಟ್ 2 ಸಲಕ್ಕೆ 1,200. ಒಟ್ಟು 5,700.

ಈಗ ನಮ್ಮ ಪ್ಲಾನ್. ತಿಂಗಳು ಮುಗಿದರೆ ಉಳಿದದ್ದೂ ಮುಗಿಯಿತು. ವರ್ಷಕ್ಕೆ ಕಟ್ಟಿದ್ದು 4,188. ಕಾಗದದ ಮೇಲೆ 24 ಸಲ ಇದ್ದರೂ ನಾವು ಪ್ಲಾನಿನೊಳಗೆ ಬಳಸಿದ್ದು 12 ಮಾತ್ರ. ಉಳಿದ 12 ಫೆಬ್ರವರಿ, ಏಪ್ರಿಲ್, ನವೆಂಬರಿನಂಥ ತಿಂಗಳುಗಳಲ್ಲಿ ಸುಮ್ನೆ ಹೋದವು. ಹೊಟ್ಟೆ ಉರಿಯುವುದು ಅದಕ್ಕಲ್ಲ. ಜೂನಿನಲ್ಲಿ 2, ಜುಲೈಯಲ್ಲಿ 3, ಆಗಸ್ಟಿನಲ್ಲಿ 1, ಹೀಗೆ 6 ಸಲ ಮೇಲೆ ದುಡ್ಡು ಕೊಟ್ಟೆವು. ಅದು 1,500. ಒಟ್ಟು 5,688. ಪ್ಲಾನ್ ಇಲ್ಲದಿದ್ದರೆ ಆಗುತ್ತಿದ್ದ 5,700ಕ್ಕೂ ಇದಕ್ಕೂ ಇರುವ ವ್ಯತ್ಯಾಸವೇ ಆ 12 ರೂಪಾಯಿ.

ಉಳಿದದ್ದು ಒಂದು ತಿಂಗಳು ಮುಂದಕ್ಕೆ ದಾಟುವ ಪ್ಲಾನ್ ಆಗಿದ್ದರೆ? ಮೇ ತಿಂಗಳ 2 ಜೂನಿಗೆ ಬರುತ್ತಿದ್ದವು, ಜೂನಿನ 4 ಪೂರ್ತಿ ಪ್ಲಾನಿನೊಳಗೆ ಆಗುತ್ತಿತ್ತು. ಜುಲೈ, ಆಗಸ್ಟಿಗೆ ಏನೂ ಉಳಿಯುತ್ತಿರಲಿಲ್ಲ. ಮೇಲೆ ಕೊಡಬೇಕಾದದ್ದು 4 ಸಲ. ಒಟ್ಟು 5,188. ಅಂದರೆ ವರ್ಷಕ್ಕೆ 512 ಉಳಿತಾಯ. ಒಂದು ಮಾತು ನೆನಪಿರಲಿ: ದಾಟಿಬಂದ ಹಳೆಯದು ಮೊದಲು ಖರ್ಚಾಗುತ್ತದೆಯೋ ಈ ತಿಂಗಳದ್ದು ಮೊದಲು ಖರ್ಚಾಗುತ್ತದೆಯೋ ಕೇಳಿ. ಹೊಸದನ್ನು ಮೊದಲು ಕಳೆದರೆ ಹಳೆಯದು ಅಲ್ಲೇ ಅವಧಿ ಮುಗಿದು ಹೋಗುತ್ತದೆ. ದಾಟಿಸಿದ್ದರ ಲಾಭ ಅಷ್ಟು ಕಡಿಮೆಯಾಗುತ್ತದೆ.

ವರ್ಷದ ಒಟ್ಟು ಲೆಕ್ಕದ ಪ್ಲಾನ್ ಆಗಿದ್ದರೆ ಹದಿನೆಂಟಕ್ಕೆ ಹದಿನೆಂಟೂ ಒಳಗೇ ಆಗಿ 4,188ರಲ್ಲಿ ಮುಗಿಯುತ್ತಿತ್ತು. 1,512 ಉಳಿಯುತ್ತಿತ್ತು. ಆದರೆ ಇಂಥ ಪ್ಲಾನಿಗೆ ವರ್ಷದ ದುಡ್ಡನ್ನು ಒಟ್ಟಿಗೆ ಕಟ್ಟಿಸಿಕೊಳ್ಳುವುದೇ ಹೆಚ್ಚು. ಅಲ್ಲಿ ನಡುವೆ ಬಿಟ್ಟರೆ ದುಡ್ಡು ವಾಪಸ್ ಹೇಗೆ ಅನ್ನುವುದು ಮುಖ್ಯವಾಗುತ್ತದೆ. ಉಳಿದ ತಿಂಗಳ ಲೆಕ್ಕದಲ್ಲಿ ಕೊಡುತ್ತಾರೋ, ಬಳಸಿದ ಕನ್ಸಲ್ಟೇಷನ್‌ಗೆ ಪೂರ್ತಿ ದರ ಹಾಕಿ ಕಳೆದು ಕೊಡುತ್ತಾರೋ ನೋಡಿ. ಎರಡನೆಯ ರೀತಿಯಲ್ಲಿ ವಾಪಸ್ ಬರುವುದು ಬಹಳ ಕಡಿಮೆ.

ನನಗೆ ತಡವಾಗಿ ಹೊಳೆದ ಇನ್ನೊಂದು ದಾರಿ ಇದೆ. ತಿಂಗಳಿಗೇ ಮುಗಿಯುವ ಪ್ಲಾನನ್ನು ಜೂನ್, ಜುಲೈ, ಆಗಸ್ಟ್ ಮೂರು ತಿಂಗಳು ಮಾತ್ರ ಇಟ್ಟುಕೊಂಡರೆ? ಪ್ಲಾನಿಗೆ 1,047. ಆ ಮೂರು ತಿಂಗಳಲ್ಲಿ ಮೇಲಿನ 6ಕ್ಕೆ 1,500. ಬೇರೆ ತಿಂಗಳುಗಳ 6ಕ್ಕೆ 1,500. ಜುಲೈಯ ಸ್ಪೆಷಲಿಸ್ಟ್ ಪ್ಲಾನಿನಲ್ಲೇ ಆಗುತ್ತದೆ, ನವೆಂಬರಿನದ್ದಕ್ಕೆ 600. ಒಟ್ಟು 4,647. ವರ್ಷವಿಡೀ ಕಟ್ಟಿದ್ದಕ್ಕಿಂತ 1,041 ಕಡಿಮೆ! ಇದಕ್ಕೆ ಒಂದೇ ಷರತ್ತು. ಕನಿಷ್ಠ 6 ತಿಂಗಳು ಅಥವಾ 12 ತಿಂಗಳು ಇರಲೇಬೇಕು ಅನ್ನುವ ಕಟ್ಟು ಪ್ಲಾನಿನಲ್ಲಿ ಇರಬಾರದು. ಸ್ಪೆಷಲಿಸ್ಟ್ ಮೊದಲ ತಿಂಗಳಲ್ಲೇ ಸಿಗುತ್ತದೆಯೋ, ಮೂರು ತಿಂಗಳು ಕಟ್ಟಿದ ಮೇಲೋ ಅನ್ನುವುದನ್ನೂ ನೋಡಿಕೊಳ್ಳಿ.

ನಮ್ಮ ಅಂಕಿ ನಿಮಗೆ ಹೊಂದುವುದಿಲ್ಲ. ಅರಸೀಕೆರೆ ಕಡೆಯ ಬಯಲುಸೀಮೆಯಲ್ಲಿ ನಿಮ್ಮ ಪಟ್ಟಿ ಬೇರೆಯೇ ಇರಬಹುದು. ಮನೆಯಲ್ಲಿ ಪ್ರತಿ ತಿಂಗಳು ತಪ್ಪದೆ ಡಾಕ್ಟರನ್ನು ಕಾಣಬೇಕಾದ ಇಬ್ಬರು ಹಿರಿಯರಿದ್ದರೆ ತಿಂಗಳ ಪ್ಲಾನೇ ಲಾಭ, ಒಂದೂ ವ್ಯರ್ಥವಾಗುವುದಿಲ್ಲ. ಲೆಕ್ಕ ಹಾಕುವ ಕ್ರಮ ಮಾತ್ರ ಇದೇ.

ಒಂದು ಕನ್ಸಲ್ಟೇಷನ್ ಅಂದರೆ ಯಾವುದು?

ಜುಲೈಯ ಒಂದು ಸಂಜೆ ಅತ್ತೆಗೆ ವಿಡಿಯೋ ಕಾಲ್ ಬುಕ್ ಮಾಡಿದ್ದೆ. ಜೋರು ಮಳೆ. ಡಾಕ್ಟರು ಹೆಸರು, ವಯಸ್ಸು ಕೇಳುವಷ್ಟರಲ್ಲಿ ಕರೆಂಟ್ ಹೋಯಿತು. ನಮ್ಮ ಕಡೆ ಕರೆಂಟ್ ಹೋಗಿ ಸ್ವಲ್ಪ ಹೊತ್ತಾದರೆ ಟವರೂ ಮಲಗುತ್ತದೆ. ಲೈನ್ ಕಟ್ಟಾಯಿತು. ಆಪ್ ತೆರೆದು ನೋಡಿದರೆ ಒಂದು ಕನ್ಸಲ್ಟೇಷನ್ ‘ಮುಗಿದಿದೆ’ ಅಂತ ಕಳೆದಿತ್ತು.

ವಾಪಸ್ ಬಂತು, ಆದರೆ ಸುಮ್ನೆ ಬರಲಿಲ್ಲ. ಕಾಲ್ 1 ನಿಮಿಷಕ್ಕೆ ನಿಂತದ್ದರ ಸ್ಕ್ರೀನ್‌ಶಾಟ್ ತೆಗೆದೆ. ಔಷಧ ಚೀಟಿ ಬಂದಿಲ್ಲ ಅನ್ನುವುದು ಕಾಣುವ ಪುಟದ್ದೂ ತೆಗೆದೆ. ಅದೇ ರಾತ್ರಿ ಮೇಲ್ ಹಾಕಿದೆ. ಚೀಟಿಯೂ ಇಲ್ಲ, ಸಲಹೆಯೂ ಇಲ್ಲ ಅಂದಮೇಲೆ ಕನ್ಸಲ್ಟೇಷನ್ ಆಯಿತು ಅಂತ ಅವರಿಗೆ ವಾದಿಸುವುದು ಕಷ್ಟ. ತಿಂಗಳು ಮುಗಿಯುವ ಮೊದಲೇ ಕೇಳಿ. ಮುಗಿದ ಮೇಲೆ ವಾಪಸ್ ಕೊಟ್ಟರೂ ‘ಅವಧಿ ಮುಗಿದಿದೆ’ ಅನ್ನುತ್ತಾರೆ.

ಆದ್ದರಿಂದ ದುಡ್ಡು ಕಟ್ಟುವ ಮೊದಲು ಸಹಾಯವಾಣಿಗೆ ಬರವಣಿಗೆಯಲ್ಲೇ ನಾಲ್ಕು ಪ್ರಶ್ನೆ ಕೇಳಿ. ಲೈನ್ ಕಟ್ಟಾದರೆ ಲೆಕ್ಕಕ್ಕೆ ಬರುತ್ತದಾ? ಡಾಕ್ಟರು ‘ಆಸ್ಪತ್ರೆಗೆ ಹೋಗಿ’ ಅಂದು ಎರಡು ನಿಮಿಷಕ್ಕೆ ಮುಗಿಸಿದರೆ? ಎರಡು ದಿನ ಬಿಟ್ಟು ಅದೇ ಜ್ವರದ ಬಗ್ಗೆ ಮತ್ತೆ ಕೇಳಿದರೆ? ಬುಕ್ ಮಾಡಿ ರದ್ದು ಮಾಡಲು ಎಷ್ಟು ಗಂಟೆ ಮೊದಲು ಹೇಳಬೇಕು? ಚಾಟ್‌ನಲ್ಲಿ ಬಂದ ಉತ್ತರವನ್ನು ಇಟ್ಟುಕೊಳ್ಳಿ.

ನೆಟ್‌ವರ್ಕ್ ವಿಷಯದಲ್ಲಿ ಇನ್ನೂ ಒಂದು ಗುಟ್ಟಿದೆ. ಇದನ್ನು ಯಾವ ಪ್ಲಾನಿನವರೂ ನನಗೆ ಹೇಳಲಿಲ್ಲ. 2020ರ ಮಾರ್ಚ್ 25ರಂದು ದೇಶಕ್ಕೆಲ್ಲ ಟೆಲಿಮೆಡಿಸಿನ್ ಮಾರ್ಗಸೂಚಿ ಬಂತು. ಅದರ ಪ್ರಕಾರ ಡಾಕ್ಟರು ವಿಡಿಯೋ, ಬರೀ ಫೋನ್, ಮೆಸೇಜ್ ಮೂರರಲ್ಲೂ ನೋಡಬಹುದು. ಆದರೆ ಬರೆಯಬಹುದಾದ ಔಷಧ ಮೂರಕ್ಕೂ ಒಂದೇ ಅಲ್ಲ. ಪ್ಯಾರಸಿಟಮಾಲ್, ಓಆರ್‌ಎಸ್ ಥರದ್ದನ್ನು ಹೇಗೆ ಮಾತಾಡಿದರೂ ಬರೆಯಬಹುದು. ಮೊದಲ ಸಲ ಕಾಣುವ ರೋಗಿಗೆ ಅದಕ್ಕಿಂತ ಮೇಲಿನ ಪಟ್ಟಿಯ ಔಷಧ ಬರೆಯಬೇಕಾದರೆ ವಿಡಿಯೋ ಬೇಕು. ದುರ್ಬಳಕೆ ಆಗುವಂಥ, ಚಟ ಹಿಡಿಸುವ ಕೆಲವು ಔಷಧಗಳನ್ನಂತೂ ಟೆಲಿಮೆಡಿಸಿನ್‌ನಲ್ಲಿ ಬರೆಯುವ ಹಾಗೇ ಇಲ್ಲ.

‘ಮೊದಲ ಸಲ’ ಅನ್ನುವುದಕ್ಕೂ ಅಲ್ಲಿ ಅರ್ಥ ಕೊಟ್ಟಿದ್ದಾರೆ. ಅದೇ ಡಾಕ್ಟರನ್ನು, ಅದೇ ಕಾಯಿಲೆಗೆ, 6 ತಿಂಗಳೊಳಗೆ ನೇರವಾಗಿ ಕಂಡಿದ್ದರೆ ಮಾತ್ರ ಅದು ಮುಂದುವರಿದ ಭೇಟಿ. ಆಪ್‌ನಲ್ಲಿ ದಿನಕ್ಕೊಬ್ಬ ಡಾಕ್ಟರು ಸಿಕ್ಕರೆ ಅತ್ತೆ ಪ್ರತಿ ಸಲವೂ ಹೊಸ ರೋಗಿಯೇ. ಹತ್ತು ವರ್ಷದ ಬಿಪಿ ಕಥೆಯನ್ನು ಮತ್ತೆ ಮೊದಲಿಂದ ಹೇಳಬೇಕು, ಅದೂ ವಿಡಿಯೋದಲ್ಲಿ. ತೋಟದ ಮನೆಯಲ್ಲಿ ವಿಡಿಯೋ ನಿಲ್ಲುವುದಿಲ್ಲ. ಹಾಗಾಗಿ ಹಿರಿಯರು ಹಳ್ಳಿಯಲ್ಲಿದ್ದರೆ ‘ಅದೇ ಡಾಕ್ಟರನ್ನು ಆರಿಸಿಕೊಳ್ಳಬಹುದಾ’ ಅಂತ ಮೊದಲೇ ಕೇಳಿ. ನಾವು ಈಗ ಅತ್ತೆ ಸಂತೆಗೆ ಅಂತ ಸಕಲೇಶಪುರಕ್ಕೆ ಬಂದ ದಿನವೇ ಕಾಲ್ ಇಟ್ಟುಕೊಳ್ಳುತ್ತೇವೆ. ಅಲ್ಲಿ ನಾಲ್ಕು ಕಡ್ಡಿ ಸಿಗುತ್ತದೆ.

ಮನೆಯವರು ಅಂದರೆ ಯಾರು?

ಮೊದಲು ಖಾತೆ ನನ್ನ ಹೆಸರಿನಲ್ಲಿ ಮಾಡಿದ್ದೆ. ‘ತಂದೆ ತಾಯಿಯನ್ನು ಸೇರಿಸಿ’ ಅಂತ ಇತ್ತು. ಅತ್ತೆಯ ಹೆಸರು ಹಾಕಿದರೆ ತೆಗೆದುಕೊಳ್ಳಲಿಲ್ಲ. ಅಲ್ಲಿ ತಂದೆ ತಾಯಿ ಅಂದರೆ ಖಾತೆದಾರರ ತಂದೆ ತಾಯಿ ಮಾತ್ರ! ನಾನು ಹದಿಮೂರು ವರ್ಷದಿಂದ ಅವರ ಸೊಸೆ, ಆದರೆ ಆಪ್‌ಗೆ ಅದು ಸಂಬಂಧವೇ ಅಲ್ಲ. ಅದೇ ವಾರ ರದ್ದು ಮಾಡಿ ಯಜಮಾನರ ಹೆಸರಿನಲ್ಲಿ ಹೊಸದು ಮಾಡಿದೆವು. ಆದ್ದರಿಂದ ಖಾತೆ ಯಾರ ಹೆಸರಿನಲ್ಲಿದ್ದರೆ ಎಲ್ಲರೂ ಒಳಗೆ ಬರುತ್ತಾರೆ ಅಂತ ಮೊದಲು ನೋಡಿ. ಮಕ್ಕಳಿಗೆ ವಯಸ್ಸಿನ ಮಿತಿ ಎಷ್ಟು, ವರ್ಷದ ನಡುವೆ ಒಬ್ಬರನ್ನು ತೆಗೆದು ಇನ್ನೊಬ್ಬರನ್ನು ಸೇರಿಸಬಹುದಾ, ಆ 2 ಕನ್ಸಲ್ಟೇಷನ್ ಮನೆಗೆಲ್ಲ ಸೇರಿಯೋ ತಲಾ ಎರಡೋ ಅನ್ನುವುದನ್ನೂ ನೋಡಿ. ಹೆಚ್ಚಿನ ಕಡೆ ಮನೆಗೆಲ್ಲ ಸೇರಿಯೇ ಇರುತ್ತದೆ. ‘4 ಜನರಿಗೆ’ ಅನ್ನುವ ದಪ್ಪ ಅಕ್ಷರ ನೋಡಿ ಮೋಸ ಹೋಗಬೇಡಿ.

ಎಲ್ಲರ ಹೆಸರೂ ಸೇರಿದ ಮೇಲೆ ಸೋಮಾರಿತನ ಮಾಡಬೇಡಿ. ಬುಕ್ ಮಾಡುವಾಗ ಕಾಯಿಲೆ ಯಾರಿಗೋ ಅವರ ಹೆಸರನ್ನೇ ಆರಿಸಿ. ಒಂದು ಸಲ ಅವಸರದಲ್ಲಿ ಯಜಮಾನರ ಹೆಸರಿನಲ್ಲೇ ಅತ್ತೆಯನ್ನು ತೋರಿಸಿದೆವು. ಚೀಟಿಯಲ್ಲಿ 41 ವರ್ಷದ ಗಂಡಸಿಗೆ ಅತ್ತೆಯ ಮಾತ್ರೆ ಬಂತು. ಮೆಡಿಕಲ್ಸ್‌ನವರು ಹೆಸರು ನೋಡಿ ಕೊಡಲಿಲ್ಲ. ಅವರು ಮಾಡಿದ್ದೇ ಸರಿ. ಒಬ್ಬರ ದಾಖಲೆಯಲ್ಲಿ ಇನ್ನೊಬ್ಬರ ಶುಗರ್ ಸೇರಿಕೊಂಡರೆ ಮುಂದೆ ನೋಡುವ ಡಾಕ್ಟರು ತಪ್ಪು ಔಷಧ ಬರೆಯಬಹುದು.

ಮಗುವಿಗಾದರೆ ದೊಡ್ಡವರೊಬ್ಬರು ಪಕ್ಕದಲ್ಲಿ ಇರಲೇಬೇಕು. ಹಿರಿಯರಿಗೆ ಮಾತಾಡಲು ಆಗುವ ಹಾಗಿದ್ದರೆ ಅವರೇ ಕಾಲ್‌ನಲ್ಲಿ ಇರಲಿ, ನೀವು ಹಾಸನದಿಂದ ಸೇರಿಕೊಳ್ಳಿ. ಅತ್ತೆ ‘ನೀನೇ ಹೇಳಿಬಿಡೇ’ ಅನ್ನುತ್ತಾರೆ. ಆದರೆ ತಲೆ ಸುತ್ತುವುದು ಎದ್ದಾಗಲೋ ಕೂತಾಗಲೋ ಅಂತ ಡಾಕ್ಟರು ಕೇಳಿದರೆ ನನಗೇನು ಗೊತ್ತು? ಒಟಿಪಿ ಯಾರ ಫೋನಿಗೆ ಬರುತ್ತದೆ ಅನ್ನುವುದನ್ನೂ ಮೊದಲೇ ನೋಡಿಕೊಳ್ಳಿ. ಅದು ಹಾನುಬಾಳಿನ ಫೋನಿಗೆ ಹೋದರೆ ಆ ದಿನದ ಕಥೆ ಮುಗಿಯಿತು.

ಸ್ಪೆಷಲಿಸ್ಟ್: ಯಾರು, ಯಾವಾಗ, ಯಾವುದಕ್ಕೆ

ಪಟ್ಟಿಯಲ್ಲಿ ಇಪ್ಪತ್ತು ವಿಭಾಗ ಇರುತ್ತದೆ, ಪ್ಲಾನಿನಲ್ಲಿ ಸೇರಿದ್ದು ಐದಾರು. ನಿಮಗೆ ಬೇಕಾದ ವಿಭಾಗ ಆ ಐದಾರಲ್ಲಿ ಇದೆಯಾ ನೋಡಿ. ಆಮೇಲೆ ನೇರವಾಗಿ ಬುಕ್ ಮಾಡಬಹುದೋ, ಮೊದಲು ಜನರಲ್ ಡಾಕ್ಟರು ಬರೆದುಕೊಡಬೇಕೋ ಕೇಳಿ. ಬರೆದುಕೊಡಬೇಕು ಅಂದರೆ ಒಂದು ಸ್ಪೆಷಲಿಸ್ಟ್ ಭೇಟಿಗೆ ನಿಮ್ಮ ತಿಂಗಳ 2ರಲ್ಲಿ 1 ಹೋಯಿತು ಅಂತ ಲೆಕ್ಕ. ಕನ್ನಡ ಮಾತಾಡುವ ಡಾಕ್ಟರು ಸಿಗುತ್ತಾರಾ ಅನ್ನುವುದು ನಮಗೆ ದೊಡ್ಡ ವಿಷಯ. ಅತ್ತೆಗೆ ನಾನು ಅನುವಾದ ಮಾಡುತ್ತಾ ಕೂತರೆ ಹತ್ತು ನಿಮಿಷದಲ್ಲಿ ಐದು ಅದರಲ್ಲೇ ಹೋಗುತ್ತದೆ.

ನನ್ನ ಅಭಿಪ್ರಾಯದಲ್ಲಿ ಪ್ಲಾನಿನ ನಿಜವಾದ ಬೆಲೆ ಇರುವುದು ಇಲ್ಲೇ. ತೋಟದಿಂದ ಹಾಸನಕ್ಕೆ ಬಂದು ಹೋಗುವುದು ಅತ್ತೆಗೆ ಒಂದಿಡೀ ದಿನದ ಕೆಲಸ. ಸಕಲೇಶಪುರದಿಂದಲೇ ಸುಮಾರು 40 ಕಿಲೋಮೀಟರ್. ಮಂಗಳೂರಿಗೆ ಹೋಗೋಣ ಅಂದರೆ ಮಳೆಗಾಲದಲ್ಲಿ ಶಿರಾಡಿ ಘಾಟ್ ಯಾವಾಗ ಮುಚ್ಚುತ್ತದೋ ಗೊತ್ತಿಲ್ಲ. ನವೆಂಬರಿನಲ್ಲಿ ಶುಗರ್ ಡಾಕ್ಟರು ನೋಡಿದ್ದಕ್ಕೆ ಬಸ್ಸು, ಆಟೋ, ಊಟ, ತೋಟದ ಒಂದು ದಿನದ ಕೆಲಸ ಎಲ್ಲ ಉಳಿಯಿತು. ನನ್ನ ಮೇಲಿನ ಲೆಕ್ಕದಲ್ಲಿ ಅದು ಇಲ್ಲ. ಒಂದು ಸಲಕ್ಕೆ ದುಡ್ಡು ಕೊಟ್ಟು ಕಂಡಿದ್ದರೂ ಅಷ್ಟೇ ಉಳಿಯುತ್ತಿತ್ತು ಅಲ್ವಾ?

ಆ ಭೇಟಿ ಚೆನ್ನಾಗಿ ಆದದ್ದಕ್ಕೆ ಕಾರಣ ತಯಾರಿ. ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಎಚ್‌ಬಿಎ1ಸಿ ಪರೀಕ್ಷೆ, ಕಿಡ್ನಿ ಹೇಗಿದೆ ಅಂತ ತೋರಿಸುವ ಕ್ರಿಯಾಟಿನಿನ್ ರಿಪೋರ್ಟ್ ಎರಡನ್ನೂ ಮೊದಲೇ ಮಾಡಿಸಿ ಹಾಕಿದ್ದೆವು. ಎರಡು ವಾರದ ಸಕ್ಕರೆ ಅಳತೆ, ಬೆಳಗ್ಗೆ ಖಾಲಿ ಹೊಟ್ಟೆಯದ್ದು ಮತ್ತು ಊಟವಾಗಿ ಎರಡು ಗಂಟೆಯದ್ದು, ನೋಟ್‌ಬುಕ್ಕಿನಲ್ಲಿ ಬರೆದು ಫೋಟೋ ತೆಗೆದಿದ್ದೆವು. ಈಗ ತೆಗೆದುಕೊಳ್ಳುವ ಮಾತ್ರೆಗಳ ಪಟ್ಟಿಯನ್ನು ಪೊಟ್ಟಣ ನೋಡಿಯೇ ಬರೆದಿದ್ದೆ. ಇದೆಲ್ಲ ಇಲ್ಲದೆ ಹೋದರೆ ಡಾಕ್ಟರು ‘ಪರೀಕ್ಷೆ ಮಾಡಿಸಿ ಬನ್ನಿ’ ಅನ್ನುತ್ತಾರೆ. ಆ ಮೂರು ತಿಂಗಳ ಒಂದೇ ಸ್ಪೆಷಲಿಸ್ಟ್ ಅಲ್ಲಿಗೆ ಖರ್ಚು. ಚರ್ಮಕ್ಕಾದರೆ ಹಗಲು ಬೆಳಕಿನಲ್ಲಿ, ದೂರದಿಂದ ಒಂದು, ಹತ್ತಿರದಿಂದ ಒಂದು ಫೋಟೋ ಮೊದಲೇ ಹಾಕಿ. ವಿಡಿಯೋದಲ್ಲಿ ಕೆಂಪು ಕಲೆ ಕಂದಾಗಿ ಕಾಣುತ್ತದೆ.

ಚೀಟಿ ಬಂದ ಮೇಲೆ ಡಾಕ್ಟರ ಹೆಸರಿನ ಜೊತೆ ನೋಂದಣಿ ಸಂಖ್ಯೆ ಇದೆಯಾ ನೋಡಿ. ಅದು ಇರಲೇಬೇಕು.

ದುಡ್ಡು ಕಟ್ಟುವ ಮೊದಲು, ನಿಲ್ಲಿಸುವಾಗ

ಒಂದು ವಾರ ಕೇಂದ್ರ ಸರ್ಕಾರದ ಇ-ಸಂಜೀವಿನಿ ಬಳಸಿ ನೋಡಿ. esanjeevani.mohfw.gov.in ವಿಳಾಸದಲ್ಲಿ ಸಿಗುತ್ತದೆ, ದುಡ್ಡಿಲ್ಲ. ಕಾಯಬೇಕಾಗಬಹುದು, ಡಾಕ್ಟರನ್ನು ಆರಿಸಿಕೊಳ್ಳುವ ಹಾಗಿಲ್ಲದೆ ಇರಬಹುದು. ಆದರೆ ನಿಮ್ಮ ಪಟ್ಟಿಯ ನೆಗಡಿ ಜ್ವರದಲ್ಲಿ ನಾಲ್ಕೈದು ಅಲ್ಲೇ ಮುಗಿದರೆ ಪ್ಲಾನಿನ ಲೆಕ್ಕವೇ ಬದಲಾಗುತ್ತದೆ. ನಿದ್ದೆ ಬರುವುದಿಲ್ಲ, ಮನಸ್ಸಿಗೆ ಭಾರ ಅನ್ನುವಂಥದ್ದಕ್ಕೆ ಟೆಲಿ ಮಾನಸ್ 14416 ಇದೆ, ಅದೂ ಉಚಿತ.

ಪ್ಲಾನ್ ತೆಗೆದುಕೊಂಡರೆ ದುಡ್ಡು ಸಾಮಾನ್ಯವಾಗಿ ಯುಪಿಐ ಆಟೋಪೇಯಲ್ಲಿ ಹೋಗುತ್ತದೆ. ಕಡಿತಕ್ಕೆ 24 ಗಂಟೆ ಮೊದಲು ಮೆಸೇಜ್ ಬರಬೇಕು. ಬೇಡವಾದಾಗ ಆಪ್ ಅಳಿಸಿದರೆ ಸಾಲದು, ಪ್ಲಾನ್ ನಿಲ್ಲುವುದಿಲ್ಲ. ಮೊದಲು ಆಪ್‌ನಲ್ಲಿ ಪ್ಲಾನ್ ರದ್ದು ಮಾಡಿ. ಆಮೇಲೆ ನಿಮ್ಮ ಯುಪಿಐ ಆಪ್‌ನ ಆಟೋಪೇ ಪುಟಕ್ಕೆ ಹೋಗಿ ಅಲ್ಲೂ ರದ್ದು ಮಾಡಿ. ಎರಡರದ್ದೂ ಸ್ಕ್ರೀನ್‌ಶಾಟ್ ಇರಲಿ.

ರದ್ದು ಮಾಡಿದ ಮೇಲೂ ದುಡ್ಡು ಹೋದರೆ ಅಥವಾ ಕಟ್ಟಾದ ಕಾಲಿನ ಕನ್ಸಲ್ಟೇಷನ್ ವಾಪಸ್ ಕೊಡದಿದ್ದರೆ ಕಂಪನಿಯ ದೂರು ಅಧಿಕಾರಿಗೆ ಬರೆಯಿರಿ. 2020ರ ಇ-ಕಾಮರ್ಸ್ ನಿಯಮದ ಪ್ರಕಾರ ದೂರು ಬಂದಿದೆ ಅಂತ 48 ಗಂಟೆಯೊಳಗೆ ಹೇಳಬೇಕು, ಒಂದು ತಿಂಗಳೊಳಗೆ ಪರಿಹಾರ ಕೊಡಬೇಕು. ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಅದಕ್ಕೂ ಮುಂದೆ ಜಿಲ್ಲಾ ಗ್ರಾಹಕರ ಆಯೋಗ ಇದೆ. 5 ಲಕ್ಷದವರೆಗಿನ ವ್ಯವಹಾರಕ್ಕೆ ಅಲ್ಲಿ ಶುಲ್ಕ ಇಲ್ಲ. 349 ರೂಪಾಯಿಗೆ ಅಲ್ಲಿಯವರೆಗೆ ಯಾರು ಹೋಗುತ್ತಾರೆ ಅನ್ನಬಹುದು. ನಾನೂ ಹೋಗುವುದಿಲ್ಲ. ಆದರೆ ಮೇಲ್‌ನಲ್ಲಿ 1915 ಅಂತ ಬರೆದ ಮೇಲೆ ಉತ್ತರ ಬೇಗ ಬಂದದ್ದು ನಿಜ.

ಈ ವರ್ಷ ನಾವು ಪ್ಲಾನ್ ಶುರು ಮಾಡಿದ್ದು ಜೂನ್ 5ಕ್ಕೆ. ಮಗನ ಶಾಲೆ ಶುರುವಾಗಿ ಮೊದಲ ಕೆಮ್ಮು ಮನೆಗೆ ಬಂದ ದಿನ. ಸೆಪ್ಟೆಂಬರ್ 2ಕ್ಕೆ ರದ್ದು ಮಾಡಬೇಕು ಅಂತ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಕೆಂಪು ಪೆನ್ನಿನಿಂದ ಬರೆದಿಟ್ಟಿದ್ದೇನೆ.